ಉಂಗುರ, ಪಟ್ಟಿ, ನೋಟ್‌ಬುಕ್: ನಿದ್ದೆಯ ಲೆಕ್ಕದಲ್ಲಿ ಯಾವುದನ್ನು ಎಷ್ಟು ನಂಬಬೇಕು?

ದಾವಣಗೆರೆಯ ಬೇಸಿಗೆಯಲ್ಲಿ ಸ್ಮಾರ್ಟ್ ಉಂಗುರ, ಕೈಪಟ್ಟಿ ಎರಡನ್ನೂ ಒಂದೇ ಕೈಗೆ ಹಾಕಿ, ತಲೆದಿಂಬಿನ ಪಕ್ಕ ನೋಟ್‌ಬುಕ್ ಇಟ್ಟು ಹೋಲಿಸಿದರೆ ಮೂರೂ ಬೇರೆ ಬೇರೆ ಅಂಕಿ ಕೊಡುತ್ತವೆ. ಒಂದು ರಾತ್ರಿಯ ಲೆಕ್ಕ ನೋಡಿ. ಹತ್ತೂವರೆಗೆ ಮಲಗಿದ್ದು, ನಿದ್ದೆ ಹತ್ತಿದ್ದು ಹನ್ನೊಂದೂಕಾಲಿಗೆ. ನಡುರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಸುಮಾರು 40 ನಿಮಿಷ ಎಚ್ಚರ, ಆದರೆ ಎದ್ದು ಓಡಾಡಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದಿದ್ದು. ನೋಟ್‌ಬುಕ್ ಪ್ರಕಾರ ಹಾಸಿಗೆಯಲ್ಲಿ 450 ನಿಮಿಷ, ಎಚ್ಚರ 85, ನಿದ್ದೆ 365. ಅಂದರೆ ಹಾಸಿಗೆಯಲ್ಲಿದ್ದ ಹೊತ್ತಿನ 81 ಪರ್ಸೆಂಟ್. ಉಂಗುರ ತೋರಿಸಿದ ನಿದ್ದೆ 425 ನಿಮಿಷ, ಪಟ್ಟಿ ತೋರಿಸಿದ್ದು 435.

ಈ ಒಂದು ಗಂಟೆಯ ವ್ಯತ್ಯಾಸಕ್ಕೆ ಕಾರಣ ಸರಳ. ಎರಡೂ ಸಾಧನಗಳು ಅಳೆಯುವುದು ಕೈಯ ಚಲನೆಯನ್ನು ಮತ್ತು ಚರ್ಮಕ್ಕೆ ಬೆಳಕು ಬಿಟ್ಟು ಸಿಗುವ ನಾಡಿಯನ್ನು. ನಿದ್ದೆ ಇರುವುದು ಮೆದುಳಿನಲ್ಲಿ, ಅದು ಇವುಗಳ ಕೈಗೆ ಸಿಗುವುದಿಲ್ಲ. ಆಸ್ಪತ್ರೆಯ ಪಾಲಿಸೋಮ್ನೋಗ್ರಫಿಯಲ್ಲಿ ತಲೆಗೆ, ಕಣ್ಣಿನ ಬದಿಗೆ, ಗದ್ದಕ್ಕೆ ತಂತಿ ಅಂಟಿಸಿ 30 ಸೆಕೆಂಡಿಗೊಮ್ಮೆ ನಿದ್ದೆಯ ಹಂತ ಗುರುತಿಸುತ್ತಾರೆ. ಅದರ ಪಕ್ಕ ಇಟ್ಟಾಗ ಉಂಗುರವೂ ಪಟ್ಟಿಯೂ ನಿದ್ದೆ ಮಾಡುತ್ತಿದ್ದವರನ್ನು ಚೆನ್ನಾಗಿಯೇ ಗುರುತಿಸುತ್ತವೆ. ಸುಮ್ಮನೆ ಅಲುಗಾಡದೆ ಎಚ್ಚರವಾಗಿ ಬಿದ್ದವರನ್ನು ಮಾತ್ರ ಬಹಳ ಸಲ ನಿದ್ದೆಯ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ನಿದ್ದೆ ಬಾರದವರು ಮಲಗುವುದೇ ಹಾಗೆ, ಹೀಗಾಗಿ ಯಾರಿಗೆ ಸರಿಯಾದ ಅಂಕಿ ಹೆಚ್ಚು ಬೇಕೋ ಅವರಿಗೇ ತಪ್ಪು ಹೆಚ್ಚು. ನೋಟ್‌ಬುಕ್ ಕೂಡ ಪೂರ್ತಿ ನಿಜವಲ್ಲ. ನಿದ್ದೆ ಕೆಟ್ಟವರು ಎಚ್ಚರವಿದ್ದ ಹೊತ್ತನ್ನು ಸಾಮಾನ್ಯವಾಗಿ ಹೆಚ್ಚೇ ಅಂದಾಜು ಮಾಡುತ್ತಾರೆ.

ಆಳ ನಿದ್ದೆಯ ಅಂಕಿ ಇನ್ನೂ ಸಡಿಲ. ಅದೇ ರಾತ್ರಿ ಉಂಗುರ 70 ನಿಮಿಷ ಎಂದರೆ ಪಟ್ಟಿ 35 ಎಂದಿತು. ಯಾವುದು ಸರಿ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ದಾರಿಯಿಲ್ಲ. ಎರಡೂ ಊಹೆ, ಸೂತ್ರ ಮಾತ್ರ ಬೇರೆ.

ಹಾಗಾದರೆ ಉಂಗುರ ಯಾವುದಕ್ಕೆ ಒಳ್ಳೆಯದು? ಮಲಗಿದ ಮತ್ತು ಎದ್ದ ಸಮಯಕ್ಕೆ, ರಾತ್ರಿಯ ನಾಡಿಬಡಿತಕ್ಕೆ. ತಡವಾಗಿ ಹೊಟ್ಟೆ ತುಂಬ ಉಂಡ ದಿನ, ಕುಡಿದ ದಿನ, ಜ್ವರ ಬರುವ ಮುನ್ನ ನಾಡಿ ಏರಿದ್ದು ಅದರಲ್ಲಿ ಕಾಣುತ್ತದೆ. ಪಟ್ಟಿ ನಿದ್ದೆಯಲ್ಲಿ ಜಾರಿ ಸಡಿಲವಾಗುವುದರಿಂದ ಬೆಳಕು ಸೋರಿ ನಾಡಿಯ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿದರೆ ಸುಧಾರಿಸುತ್ತದೆ. ಉಂಗುರದ ಅಳತೆಯನ್ನು ಸಂಜೆ ನೋಡಿ ತಗೊಳ್ಳಿ, ಸೆಕೆಗೆ ಬೆರಳು ಊದುತ್ತದೆ. ಸೆನ್ಸರ್ ಇರುವ ಬದಿ ಅಂಗೈ ಕಡೆಗಿರಲಿ. ಚರ್ಮದ ತಾಪಮಾನದ ಏರುಪೇರನ್ನು ಮಾತ್ರ ಬೇಸಿಗೆಯಲ್ಲಿ ಹೆಚ್ಚು ಹಚ್ಚಿಕೊಳ್ಳಬೇಡಿ: ಒಳಗೆ ಮಲಗುತ್ತಿದ್ದವರು ಮಾಳಿಗೆ ಮೇಲೆ ಮಲಗಲು ಶುರುಮಾಡಿದರೂ ಅದು ಬದಲಾಗುತ್ತದೆ.

ಈಗ ಆತಂಕದ ವಿಷಯ. ಅಂಕಿ ನೋಡಿ ನೋಡಿ ನಿದ್ದೆ ಕೆಡಿಸಿಕೊಳ್ಳುವುದಕ್ಕೆ 2017ರಲ್ಲಿ ಅಮೆರಿಕದ ನಿದ್ರಾತಜ್ಞರು ಆರ್ಥೊಸೋಮ್ನಿಯಾ ಎಂದು ಹೆಸರಿಟ್ಟರು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಿದ್ರಾಹೀನತೆ ಇದ್ದವರಿಗೆ ಬೆಳಿಗ್ಗೆ ಸುಳ್ಳು ಅಂಕಿ ತೋರಿಸಿದರು. ನಿದ್ದೆ ಕೆಟ್ಟಿದೆ ಎಂದು ಕೇಳಿದವರು ಇಡೀ ದಿನ ಹೆಚ್ಚು ದಣಿದರು. ಹೆಚ್ಚು ಕೆಡುಕು ಮಾಡುವುದು ಇದರ ನಂತರದ ಹೆಜ್ಜೆ. ಆಳ ನಿದ್ದೆ ಕಡಿಮೆ ಎಂದು ಹೆದರಿ, ಮೇಲಿನ ಉದಾಹರಣೆಯವರು ಹತ್ತೂವರೆ ಬದಲು ಒಂಬತ್ತೂಕಾಲಿಗೇ ಮಲಗುತ್ತಾರೆ ಎಂದುಕೊಳ್ಳಿ. ನಿದ್ದೆ ಅದೇ 365 ನಿಮಿಷ, ಹಾಸಿಗೆಯಲ್ಲಿ 525. ಪಾಲು 70 ಪರ್ಸೆಂಟಿಗೆ ಇಳಿಯಿತು, ಹೊರಳಾಟ ಹೆಚ್ಚಿತು. ಉಂಗುರ ಮಾತ್ರ ಅಲುಗಾಡದ ಹೊತ್ತನ್ನೂ ನಿದ್ದೆಗೆ ಸೇರಿಸಿ ಒಟ್ಟು ಗಂಟೆ ಏರಿಸಿ ತೋರಿಸಬಹುದು. ನಿದ್ದೆ ಕೆಡಿಸುವ ಅಭ್ಯಾಸಕ್ಕೇ ಒಳ್ಳೆಯ ಅಂಕ ಸಿಕ್ಕಂತಾಯಿತು.

ಈ ಆತಂಕವನ್ನು ಗುರುತಿಸುವುದು ಕಷ್ಟವಲ್ಲ. ಎದ್ದ ಕೂಡಲೇ ಮೈ ಹಗುರವಿತ್ತು, ಆ್ಯಪ್ ನೋಡಿದ ಮೇಲೆ ಸುಸ್ತು ಅನಿಸಿತು. ಅಥವಾ ನಡುರಾತ್ರಿ ಎಚ್ಚರವಾದಾಗ ಮೊದಲು ಬಂದ ಯೋಚನೆ ಸ್ಕೋರ್‌ದು. ಹೀಗಾದರೆ ಎರಡು ವಾರ ಉಂಗುರ ತೆಗೆದಿಟ್ಟು ನೋಟ್‌ಬುಕ್ಕಿಗೆ ಬನ್ನಿ. ನಾಲ್ಕೇ ಸಾಲು: ಲೈಟ್ ಆರಿಸಿದ್ದು, ನಿದ್ದೆ ಹತ್ತಿದ್ದು, ನಡುವೆ ಎಚ್ಚರ, ಎದ್ದಿದ್ದು. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಬೇಕು, ರಾತ್ರಿ ಗಡಿಯಾರ ನೋಡಬಾರದು.

ಹಾಸಿಗೆಯ ಹೊತ್ತಿನಲ್ಲಿ ನಿದ್ದೆಯ ಸರಾಸರಿ ಪಾಲು 85 ಪರ್ಸೆಂಟಿಗಿಂತ ಕೆಳಗಿದ್ದರೆ ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡಿ: ಮೇಲಿನ ಉದಾಹರಣೆಯವರಾದರೆ ಏಳುವ ಸಮಯ ಆರಕ್ಕೇ ಗಟ್ಟಿ ಮಾಡಿ, ಮಲಗುವುದನ್ನು ಹನ್ನೊಂದೂವರೆಗೆ ತಳ್ಳಬೇಕು. ಹಾಸಿಗೆಯ ಹೊತ್ತು ಐದು ಗಂಟೆಗಿಂತ ಕಡಿಮೆ ಮಾಡಬಾರದು. ಮೂರ್ಛೆರೋಗ ಅಥವಾ ಬೈಪೋಲಾರ್ ಇದ್ದವರು, ಲಾರಿ ಓಡಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದವರು ಇದನ್ನು ಬಿಟ್ಟು ಮೊದಲು ಪಾಲಿಸೋಮ್ನೋಗ್ರಫಿ ಮಾಡಿಸಲಿ. ಮೊದಲ ಒಂದೆರಡು ವಾರ ಹಗಲು ತೂಕಡಿಕೆ ಇರುತ್ತದೆ, ಒಟ್ಟು ಗಂಟೆಯೂ ಇಳಿಯುತ್ತದೆ. ಆ ದಿನಗಳಲ್ಲಿ ಉಂಗುರ ಕೆಂಪು ಅಂಕಿಯನ್ನೇ ತೋರಿಸುವುದರಿಂದ ಅದು ಡಬ್ಬಿಯಲ್ಲೇ ಇರಲಿ.