ಸೇವೆಯ ದುಡ್ಡು ಕಟ್ಟುವ ಮುಂಚೆ: ಮೂರು ತಾಣ, ಐದು ಪರೀಕ್ಷೆ

ಕಳೆದ ವರ್ಷ ನಮ್ಮ ಚಿಕ್ಕಮ್ಮ ಘಟ್ಟದ ಕೆಳಗಿನ ಒಂದು ಕ್ಷೇತ್ರಕ್ಕೆ ಹೊರಟರು. ಆನ್‌ಲೈನಲ್ಲಿ ಎರಡು ರೂಮಿಗೆ 3,600 ರೂಪಾಯಿ ಕಟ್ಟಿದ್ದರು. ರಾತ್ರಿ ಹತ್ತೂವರೆಗೆ ವಸತಿಗೃಹದ ಕೌಂಟರಿನಲ್ಲಿ ಮೊಬೈಲ್ ತೆಗೆದು ತೋರಿಸಿದರು. ಗೋಪುರದ ಚಿತ್ರ, ದೇವಸ್ಥಾನದ ಲಾಂಛನ, ಕೆಂಪು ಸೀಲು ಎಲ್ಲವೂ ಇದ್ದ ರಸೀದಿ ಅದು. ಕೌಂಟರಿನಲ್ಲಿದ್ದವರು ಒಮ್ಮೆ ನೋಡಿ, "ಅಮ್ಮಾ, ಇದು ನಮ್ಮ ರಸೀದಿ ಅಲ್ಲ, ಇದರಲ್ಲಿ ರಸೀದಿ ನಂಬರೇ ಇಲ್ಲ ನೋಡಿ" ಅಂದರಂತೆ. ಅದರಲ್ಲಿದ್ದದ್ದು ಒಂದು ಮೊಬೈಲ್ ನಂಬರ್ ಮಾತ್ರ. ಅದೂ ಸ್ವಿಚ್ ಆಫ್ ಆಗಿತ್ತು.

ಈ ವರ್ಷ ಅಮ್ಮನ ಹೆಸರಲ್ಲಿ ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಬೇಕೆಂದಾಗ ನಾನೇ ಕೂತು ಹುಡುಕಿದೆ. ಮೂರು ತಾಣ ಸಿಕ್ಕವು. ಮೊದಲನೆಯದು ಹುಡುಕಾಟದ ಫಲಿತಾಂಶದ ನೆತ್ತಿಯ ಮೇಲೆ 'ಪ್ರಾಯೋಜಿತ' ಎಂಬ ಪಟ್ಟಿಯೊಂದಿಗೆ ಕೂತಿತ್ತು. ಎರಡನೆಯದು ಹಲವು ಕ್ಷೇತ್ರಗಳಲ್ಲಿ ಪೂಜೆ ಮಾಡಿಸಿಕೊಡುತ್ತೇವೆ ಎನ್ನುವ ಖಾಸಗಿ ಏಜೆನ್ಸಿಯದು. ಮೂರನೆಯದು ಮುಜರಾಯಿ ಇಲಾಖೆಯ itms.kar.nic.in. ತಾಣದ ಸಾಚಾತನ ತಿಳಿಯಲು ಜನ ಹೇಳುವ ಉಪಾಯಗಳು ಒಂದೆರಡಲ್ಲ. ಅವುಗಳಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆಂದು ನೋಡಲು ಮೂರಕ್ಕೂ ಒಂದೊಂದಾಗಿ ಹಚ್ಚಿ ನೋಡಿದೆ.

ಬೀಗದ ಗುರುತು ಮತ್ತು ತಾಣದ ಅಂದಚಂದದ ಮಾತು ಬೇಗ ಮುಗಿಯುತ್ತದೆ. ಮೂರಕ್ಕೂ https ಇತ್ತು. ನಮ್ಮ ಮೊಬೈಲಿಗೂ ಆ ತಾಣಕ್ಕೂ ನಡುವಿನ ಮಾತು ಮೂರನೆಯವರಿಗೆ ಕೇಳಿಸದು ಎಂದಷ್ಟೇ ಅದರ ಅರ್ಥ. ಆ ಕಡೆ ಕೂತವರು ಯಾರೆಂದು ಅದು ಹೇಳುವುದಿಲ್ಲ. ಜನ ಬೀಗವನ್ನು ತಪ್ಪಾಗಿ ನಂಬುತ್ತಾರೆಂದೇ ಕ್ರೋಮ್ 2023ರಲ್ಲಿ ವಿಳಾಸಪಟ್ಟಿಯಿಂದ ಆ ಚಿಹ್ನೆಯನ್ನು ತೆಗೆಯಿತು. ಅಂದಚಂದದಲ್ಲಂತೂ ಜಾಹೀರಾತಿನ ತಾಣವೇ ಎಲ್ಲಕ್ಕಿಂತ ಮುಂದಿತ್ತು. ಈ ಪರೀಕ್ಷೆಯನ್ನು ಕೈಬಿಡಿ, ಐದರ ಲೆಕ್ಕದಲ್ಲಿ ಇದು ಬರುವುದಿಲ್ಲ.

ವಿಳಾಸ ಓದುವುದು ಹಾಗಲ್ಲ. ಅದನ್ನು ಓದುವ ಕ್ರಮವೊಂದಿದೆ. ಪೋಸ್ಟ್‌ಮ್ಯಾನ್ ಕಾಗದದ ವಿಳಾಸವನ್ನು ಕೆಳಗಿನಿಂದ ನೋಡುತ್ತಾರಲ್ಲ, ಮೊದಲು ಊರು, ಆಮೇಲೆ ಬೀದಿ, ಕೊನೆಗೆ ಹೆಸರು, ಹಾಗೆ. https:// ಆದಮೇಲೆ ಬರುವ ಮೊದಲ ಓರೆಗೆರೆಯ ತನಕ ಹೋಗಿ, ಅಲ್ಲಿಂದ ಎಡಕ್ಕೆ ಓದಿಕೊಂಡು ಬರಬೇಕು. ತಿರುಪತಿಯ ಒಂದು ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. 2023ರಲ್ಲಿ ಟಿಟಿಡಿ ಒಂದು ನಕಲಿ ತಾಣದ ಮೇಲೆ ದೂರು ಕೊಟ್ಟಿತು. ಆಗಿನ ಅಧಿಕೃತ ವಿಳಾಸವನ್ನೂ ನಕಲಿಯನ್ನೂ ಒಂದರ ಕೆಳಗೊಂದು ಇಟ್ಟು ನೋಡಿ:

```
tirupatibalaji.ap.gov.in
tirupatibalaji-ap-gov.org
```

ಎಡದಿಂದ ಓದಿದರೆ ಎರಡೂ ಒಂದೇ ಅನ್ನಿಸುತ್ತದೆ. ಬಲದಿಂದ ಓದಿದರೆ ಮೊದಲನೆಯದು gov.in, ಎಂದರೆ ಸರ್ಕಾರಿ ಸಂಸ್ಥೆಗೆ ಮಾತ್ರ ಸಿಗುವ ವಿಳಾಸ. ಎರಡನೆಯದರಲ್ಲಿ gov ಎಂಬುದು ಅಡ್ಡಗೆರೆಗಳ ನಡುವೆ ಸಿಕ್ಕಿಸಿದ ಬರೀ ಮೂರು ಅಕ್ಷರ. ಕೊನೆಯ .org ಅನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು. ಚುಕ್ಕೆ ಇರಬೇಕಾದ ಕಡೆ ಅಡ್ಡಗೆರೆ ಬಂದಿದ್ದೇ ಅಲ್ಲಿನ ಮೋಸ. ಟಿಟಿಡಿಯ ಈಗಿನ ಬುಕಿಂಗ್ ವಿಳಾಸ ttdevasthanams.ap.gov.in. ಹೀಗೆ ವಿಳಾಸ ಬದಲಾಗುವ ಹೊತ್ತಿನಲ್ಲಿ ಹಳೆಯ ವಿಳಾಸ ನೆನಪಿಟ್ಟುಕೊಂಡವರೂ ಎಡವುತ್ತಾರೆ.

ನನ್ನ ಮೂರು ತಾಣಗಳಲ್ಲಿ ಜಾಹೀರಾತಿನದು ಇಲ್ಲೇ ಬಿತ್ತು. ಅದರಲ್ಲೂ ದೇವಸ್ಥಾನದ ಹೆಸರಿನ ನಡುವೆ ಎರಡು ಅಡ್ಡಗೆರೆ ಇದ್ದವು. ಇಲಾಖೆಯದು nic.in, ಅದೂ ಸರ್ಕಾರಿ ವಿಳಾಸವೇ ಆದ್ದರಿಂದ ನಿಂತಿತು.

ಆದರೆ ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ಧರ್ಮಸ್ಥಳ ಮುಜರಾಯಿಗೆ ಸೇರಿದ್ದಲ್ಲ, ಅದರ ಅಧಿಕೃತ ತಾಣ shridharmasthala.org. ಶೃಂಗೇರಿ ಮಠದ್ದು sringeri.net, ಸೋಮನಾಥದ್ದು somnath.org. "ಸರ್ಕಾರಿ ವಿಳಾಸ ಇಲ್ಲದಿದ್ದರೆ ನಕಲಿ" ಎಂದುಕೊಂಡರೆ ಈ ಮೂರೂ ನಕಲಿಯಾಗಿಬಿಡುತ್ತವೆ! ಸರ್ಕಾರಿ ವಿಳಾಸವಿದ್ದರೆ ನಂಬಬಹುದು. ಇಲ್ಲದಿದ್ದರೆ ಅದು ಇನ್ನೂ ಏನನ್ನೂ ಹೇಳಿಲ್ಲ, ಮುಂದಿನ ಪರೀಕ್ಷೆಗೆ ಹೋಗಬೇಕು ಅಷ್ಟೆ.

ಮುಂದಿನದು ವಿಳಾಸದ ವಯಸ್ಸು. lookup.icann.org ತೆರೆದು ತಾಣದ ಹೆಸರು ಹಾಕಿದರೆ ಅದು ಎಂದು ನೋಂದಣಿಯಾಯಿತೆಂದು ಸಿಗುತ್ತದೆ. ಜಾಹೀರಾತಿನ ತಾಣ ಹುಟ್ಟಿ ಐದು ವಾರವಾಗಿತ್ತು. ನೂರಾರು ವರ್ಷಗಳ ದೇವಸ್ಥಾನ ಐದು ವಾರದ ಹಿಂದೆ ವಿಳಾಸ ತೆಗೆದುಕೊಂಡು ಆಗಲೇ ಜಾಹೀರಾತು ಹಾಕುತ್ತಿದೆ ಎಂದರೆ ನಂಬುವುದು ಕಷ್ಟ. ಆದರೆ ಏಜೆನ್ಸಿಯ ತಾಣಕ್ಕೆ ಏಳು ವರ್ಷ, ಅದು ಸಲೀಸಾಗಿ ಪಾಸಾಯಿತು. ಹಳೆಯದು ಎಂದಮಾತ್ರಕ್ಕೆ ದೇವಸ್ಥಾನದ್ದು ಆಗುವುದಿಲ್ಲ. ಹೊಸದನ್ನು ಹಿಡಿಯಲು ಮಾತ್ರ ಈ ಪರೀಕ್ಷೆ ಒಳ್ಳೆಯದು.

ಫೋನ್ ಮಾಡಿ ಕೇಳುವುದರಲ್ಲಿ ನಾನೇ ಮೊದಲು ಎರಡು ತಪ್ಪು ಮಾಡಿದೆ. ಒಂದು, ನಂಬರನ್ನು ಅದೇ ತಾಣದಿಂದ ತೆಗೆದುಕೊಂಡದ್ದು. ಅಲ್ಲಿ ಫೋನ್ ಎತ್ತುವವರು ತಾಣ ಮಾಡಿದವರೇ ಅಲ್ಲವೇ? ಮ್ಯಾಪಿನಲ್ಲಿರುವ ನಂಬರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಅದಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ನನಗೆ ನಂಬಿಕಸ್ಥ ನಂಬರ್ ಸಿಕ್ಕಿದ್ದು ಅಮ್ಮ ದೇವರಮನೆಯ ಡಬ್ಬಿಯಲ್ಲಿ ಇಟ್ಟಿದ್ದ ಹಳೆಯ ಸೇವಾ ರಸೀದಿಯಲ್ಲಿ, ಕುಂಕುಮ ಹತ್ತಿ ಕೆಂಪಾದ ಮೂಲೆಯಲ್ಲಿ. ಎರಡನೆಯ ತಪ್ಪು, ಕೇಳಿದ ರೀತಿ. ತಾಣದ ಹೆಸರು ಓದಿ "ಇದು ನಿಮ್ಮದೇನಾ?" ಎಂದು ಕೇಳಿದೆ. ಗದ್ದಲದ ನಡುವೆ ಆ ಕಡೆಯವರು "ಹೌದು ಹೌದು, ಆನ್‌ಲೈನ್ ಇದೆ" ಎಂದರು. ಅವರಿಗೆ ಅರ್ಧವೂ ಕೇಳಿಸಿರಲಿಲ್ಲ. ಮತ್ತೆ ಮಾಡಿ, "ಸಾರ್, ನಿಮ್ಮ ಆನ್‌ಲೈನ್ ವಿಳಾಸ ಯಾವುದು, ಒಂದೊಂದೇ ಅಕ್ಷರ ಹೇಳ್ತೀರಾ, ಬರ್ಕೊತೀನಿ" ಎಂದೆ. ಆಗ ಸಿಕ್ಕಿತು ನಿಜವಾದ ಉತ್ತರ. ವಿಳಾಸ ಅವರ ಬಾಯಿಂದ ಬರಬೇಕು, ನಮ್ಮ ಬಾಯಿಂದ ಹೋಗಬಾರದು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ನಾಲ್ಕನೆಯದು, ಸಿಗಬಾರದ ದಿನವನ್ನು ಕೇಳಿ ನೋಡುವುದು. ಕುಕ್ಕೆಯಲ್ಲಿ ಮಾರ್ಗಶಿರ ಶುದ್ಧ ಷಷ್ಠಿಗೆ ಚಂಪಾಷಷ್ಠಿ ಮಹಾರಥೋತ್ಸವ. ಆ ಜಾತ್ರೆಯ ದಿನಗಳಲ್ಲಿ ಸರ್ಪಸಂಸ್ಕಾರ ಸೇವೆ ನಡೆಯುವುದಿಲ್ಲ. ನಮಗೆ ಬೇಕಿದ್ದದ್ದು ಆಶ್ಲೇಷಾ ಬಲಿಯಾದರೂ, ಬೇಕೆಂದೇ ಚಂಪಾಷಷ್ಠಿಯ ದಿನಕ್ಕೆ ಸರ್ಪಸಂಸ್ಕಾರವನ್ನು ಆರಿಸಿದೆ. ಜಾಹೀರಾತಿನ ತಾಣ ತಕ್ಷಣ "ಲಭ್ಯವಿದೆ, ಇನ್ನು 2 ಮಾತ್ರ ಬಾಕಿ" ಎಂದಿತು. ಏಳು ವರ್ಷದ ಏಜೆನ್ಸಿಯೂ ದಿನಾಂಕ ಒಪ್ಪಿಕೊಂಡು, ಹಣ ಕಟ್ಟಿದ ಮೇಲೆ ನಮ್ಮ ಪ್ರತಿನಿಧಿ ಕರೆ ಮಾಡುತ್ತಾರೆ ಎಂದಿತು. ಇಲಾಖೆಯ ತಾಣದಲ್ಲಿ ಆ ದಿನಕ್ಕೆ ಆ ಸೇವೆ ಸಿಗಲಿಲ್ಲ.

ಇದು ಕೆಲಸ ಮಾಡುವ ಕಾರಣ ಸರಳ. ದೇವಸ್ಥಾನದ ಸೇವಾ ಪಟ್ಟಿಗೆ ನಿಜವಾದ ಸಂಪರ್ಕ ಇರುವ ತಾಣಕ್ಕೆ "ಇಲ್ಲ" ಎಂದು ಹೇಳಲೇಬೇಕಾದ ದಿನಗಳಿರುತ್ತವೆ. ಸಂಪರ್ಕವಿಲ್ಲದ ತಾಣಕ್ಕೆ ಪಂಚಾಂಗವೂ ಗೊತ್ತಿಲ್ಲ, ರೂಮುಗಳ ಲೆಕ್ಕವೂ ಗೊತ್ತಿಲ್ಲ. ಬಂದ ದುಡ್ಡನ್ನು ಬೇಡವೆನ್ನುವ ಕಾರಣವೂ ಇಲ್ಲ. ರೂಮಿಗೂ ಹೀಗೇ ಮಾಡಬಹುದು. ಜಾತ್ರೆಯ ರಾತ್ರಿಗೆ ಹತ್ತು ರೂಮು ಕೇಳಿ, ಹತ್ತೂ ಸಿಕ್ಕರೆ ಅಲ್ಲಿಂದ ಎದ್ದುಬನ್ನಿ. ಆದರೆ ಆ ಕ್ಷೇತ್ರದ ಪದ್ಧತಿ ಮೊದಲೇ ನಮಗೆ ಗೊತ್ತಿರಬೇಕು. ಮೊಬೈಲ್ ನಂಬರ್, ಆಧಾರ್ ಕೇಳುವ ಪುಟ ಬರುವ ಮುಂಚೆಯೇ ಪರೀಕ್ಷೆ ಮುಗಿಯಬೇಕು. ದಿನಾಂಕ ತೋರಿಸುವ ಮೊದಲೇ ನಂಬರ್ ಕೇಳುವ ತಾಣವಾದರೆ ನಾನು ಮುಂದೆ ಹೋಗುವುದಿಲ್ಲ.

ಏಜೆನ್ಸಿಯ ಬಗ್ಗೆ ನ್ಯಾಯವಾಗಿ ಒಂದು ಮಾತು. ಅದು ಚಿಕ್ಕಮ್ಮನಿಗೆ ಮೋಸ ಮಾಡಿದಂಥ ತಾಣವಲ್ಲ. ಪುಟದ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ತಾವು ದೇವಸ್ಥಾನದ ಅಧಿಕೃತ ಪ್ರತಿನಿಧಿಗಳಲ್ಲ ಎಂದು ಬರೆದೇ ಇದ್ದರು. ಅವರಿಗೆ ಒಂದೇ ಪ್ರಶ್ನೆ ಕೇಳಿದೆ: ಅಮ್ಮನ ಹೆಸರು, ಗೋತ್ರ, ನಕ್ಷತ್ರ ಬರೆದ ದೇವಸ್ಥಾನದ ರಸೀದಿ ಕೊಡುತ್ತೀರಾ? "ನಮ್ಮ ಇನ್‌ವಾಯ್ಸ್ ಕೊಡ್ತೀವಿ, ಪೂಜೆಯ ಫೋಟೋ ಕಳಿಸ್ತೀವಿ" ಎಂದರು. ನನ್ನ ಮಟ್ಟಿಗೆ ಅದು ಸೇವೆಯಲ್ಲ. ಸಂಕಲ್ಪದಲ್ಲಿ ಅಮ್ಮನ ಹೆಸರು ಹೇಳಿದರೋ ಇಲ್ಲವೋ ಫೋಟೋದಲ್ಲಿ ಕೇಳಿಸುವುದಿಲ್ಲ.

ಕೊನೆಯ ಬಾಗಿಲು, ಹಣ ಯಾರಿಗೆ ಹೋಗುತ್ತದೆ ಎಂಬುದು. ಯುಪಿಐ ಪಿನ್ ಒತ್ತುವ ಮುಂಚಿನ ಪರದೆಯಲ್ಲಿ ಒಂದು ಹೆಸರು ಬರುತ್ತದೆ. ಮೊದಲು ಕ್ಯೂಆರ್ ಕೋಡಿನಲ್ಲಿ ತುಂಬಿಸಿದ ಹೆಸರೇ ಅಲ್ಲಿ ಕಾಣುವುದಿತ್ತು, "ಶ್ರೀ ಕ್ಷೇತ್ರ" ಎಂದು ಬರೆದರೂ ಆಗುತ್ತಿತ್ತು. ಈಗ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ನಿಯಮದಂತೆ, 2025ರ ಜೂನ್ 30ರ ನಂತರ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ಆ್ಯಪ್ ತೋರಿಸಬೇಕು. ಜಾಹೀರಾತಿನ ತಾಣದ ಕೋಡನ್ನು ಸ್ಕ್ಯಾನ್ ಮಾಡಿದಾಗ ಒಬ್ಬ ವ್ಯಕ್ತಿಯ ಹೆಸರು ಬಂತು. ಅಲ್ಲೇ ಹಿಂದಕ್ಕೆ ಬಂದೆ. ದೇವಸ್ಥಾನ, ಟ್ರಸ್ಟ್, ಕಾರ್ಯನಿರ್ವಹಣಾಧಿಕಾರಿ ಇಂಥ ಹೆಸರಿಲ್ಲದೆ ಖಾಸಗಿ ವ್ಯಕ್ತಿಯ ಹೆಸರು ಬಂದರೆ ಇನ್ನು ಯೋಚಿಸುವುದೇ ಬೇಡ. ಕೆಲವೊಮ್ಮೆ ಪೇಮೆಂಟ್ ಗೇಟ್‌ವೇ ಕಂಪನಿಯ ಹೆಸರು ಕಾಣಿಸುವುದುಂಟು. ಆಗ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ, ಮೊದಲಿನ ನಾಲ್ಕನ್ನೇ ನೆಚ್ಚಬೇಕು. ಕಾರ್ಡಿನಲ್ಲಿ ಕಟ್ಟುವಾಗಲೂ ಈ ಅನುಕೂಲ ಇಲ್ಲ. ಅದಕ್ಕೇ ಹೊಸ ತಾಣಕ್ಕೆ ಮೊದಲ ಸಲ ನಾನು ಯುಪಿಐಯಲ್ಲೇ ಕಟ್ಟುವುದು.

ಈಗ ನಮ್ಮ ಮನೆಯಲ್ಲಿ ಇದಕ್ಕೊಂದು ಕ್ರಮ ಇದೆ. ಮುಜರಾಯಿ ದೇವಸ್ಥಾನವಾದರೆ ಇಲಾಖೆಯ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ಅಲ್ಲಿಂದಲೇ ಒಳಗೆ ಹೋಗುತ್ತೇವೆ; ಹುಡುಕಾಟದ ತಂಟೆಗೇ ಹೋಗುವುದಿಲ್ಲ. ಮಠ ಅಥವಾ ಟ್ರಸ್ಟಿನದಾದರೆ ಹಳೆಯ ರಸೀದಿಯ ನಂಬರಿಗೆ ಫೋನ್ ಮಾಡಿ ವಿಳಾಸ ಬರೆದುಕೊಂಡು, ಸಿಗಬಾರದ ದಿನ ಕೇಳಿ ನೋಡುತ್ತೇವೆ. ಹಣ ಪಡೆಯುವವರ ಹೆಸರನ್ನು ಗಟ್ಟಿಯಾಗಿ ಓದಿದ ಮೇಲೆಯೇ ಪಿನ್.

ಚಿಕ್ಕಮ್ಮನ 3,600 ವಾಪಸ್ ಬರಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳದೆ ನಾಲ್ಕು ದಿನ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರು. ಅಷ್ಟರಲ್ಲಿ ಹಣ ಆ ಖಾತೆಯಿಂದ ಮುಂದೆ ಹೋಗಿತ್ತು. ಖಾತೆಯಲ್ಲಿ ಹಣ ಇರುವಾಗಲೇ ತಡೆಯುವುದಕ್ಕೆ ಇರುವ ನಂಬರ್ ಅದು. ಗೊತ್ತಾದ ಆ ರಾತ್ರಿ ಹತ್ತೂವರೆಗೇ, ಕೌಂಟರಿನ ಮುಂದೆ ನಿಂತೇ, ಅದನ್ನು ಒತ್ತಬೇಕಿತ್ತು. ದೂರನ್ನು cybercrime.gov.in ನಲ್ಲಿಯೂ ದಾಖಲಿಸಬಹುದು, ಅದಕ್ಕೆ ಯುಪಿಐ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಈ ವರ್ಷ ಅಮ್ಮನ ಜೊತೆ ಚಿಕ್ಕಮ್ಮನೂ ಕುಕ್ಕೆಗೆ ಬಂದರು. ಕೌಂಟರಿನಲ್ಲಿ ರಸೀದಿ ಕೈಗೆ ಬಂದಾಗ ಅವರು ಮೊದಲು ನೋಡಿದ್ದು ಅದರ ನಂಬರನ್ನು.