ಅಡುಗೆಮನೆಯ ಬಣ್ಣದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ, ಮೊದಲು ಕೊಳವೆಯ ವಾಟ ಎಷ್ಟು ಎಂದು ಕೇಳಿ

ಟೈಲ್ಸ್ ಮುಗಿದಿದೆ, ಕಟ್ಟೆಯ ಕಲ್ಲು ಕೂತಿದೆ, ಹಣದ ಬಹುಪಾಲು ವಿನ್ಯಾಸ ಮಾಡಿಕೊಟ್ಟವರ ಕೈ ಸೇರಿದೆ. ಆದರೂ ನನ್ನ ಹೊಸ ಅಡುಗೆಮನೆಯ ಸಿಂಕಿನಲ್ಲಿ ನೀರು ನಿಲ್ಲುತ್ತಿತ್ತು. ಕಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸೊಂಟ ಹಿಡಿಯುತ್ತದೆ. ಚಿಮಣಿ ಜೋರಾಗಿ ಸದ್ದು ಮಾಡುತ್ತದೆ, ಹೊಗೆ ಮಾತ್ರ ಒಳಗೇ ಉಳಿಯುತ್ತದೆ. ಮನೆ ಕಟ್ಟಿಸುತ್ತಿರುವವರು, ಅಡುಗೆಮನೆ ಬದಲಿಸುತ್ತಿರುವವರು ದಯವಿಟ್ಟು ಇದನ್ನು ನೆಲ ಹಾಸುವ ಮೊದಲೇ ಓದಿ. ಹಾಸಿದ ಮೇಲೆ ಓದಿದರೆ ಹೆಚ್ಚಿನ ಪ್ರಯೋಜನವಿಲ್ಲ.

ವಿನ್ಯಾಸ ಮಾಡಿಕೊಡುವವರು ಬಂದು ಗೋಡೆಗಳ ಅಳತೆ ತೆಗೆದುಕೊಂಡು ಹೋದರು. ಆಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿದ ಬಣ್ಣದ ಚಿತ್ರಗಳು ಬಂದವು. ಎಲ್ಲ ಕೋನಗಳಿಂದಲೂ ಅಡುಗೆಮನೆ ಹೊಳೆಯುತ್ತಿತ್ತು. ಸಿಂಕ್ ಕಿಟಕಿಯ ಕೆಳಗೆ ಬಂದಿತ್ತು. ಮೊದಲು ಅದು ಇದ್ದದ್ದು ಎದುರಿನ ಗೋಡೆಯ ಬಳಿ. ಕೊಳಚೆ ನೀರು ಇಳಿಯುವ ನೇರ ಕೊಳವೆ ಆ ಗೋಡೆಯ ಹಿಂದೆಯೇ ಇದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಸಿಂಕ್ ಇಷ್ಟು ದೂರ ಬಂದರೆ ನೀರು ಹೋಗುತ್ತದೆಯೇ?" ಉತ್ತರ: "ಅದೆಲ್ಲ ನಮಗೆ ಬಿಡಿ ಮೇಡಂ, ಇಂತಹ ಎಷ್ಟೋ ಮಾಡಿದ್ದೇವೆ." ಈ ಮಾತು ನಿಮ್ಮ ಕಿವಿಗೂ ಬಿದ್ದರೆ ಅಲ್ಲಿಯೇ ಕೆಲಸ ನಿಲ್ಲಿಸಿ. ನೀರು ಹೋಗುತ್ತದೆಯೇ ಎಂಬ ಪ್ರಶ್ನೆಗೆ ಇಂಚುಗಳಲ್ಲಿ ಉತ್ತರವಿದೆ, ಅದನ್ನು ಅವರು ಕೊಡಲಿಲ್ಲ.

ಆ ಲೆಕ್ಕವನ್ನು ನಾನೇ ಹೇಳುತ್ತೇನೆ. ಸಿಂಕಿನ ಕೊಳವೆಗೆ ಪ್ರತಿ ಅಡಿಗೆ ಸುಮಾರು ಕಾಲು ಇಂಚು ವಾಟ ಬೇಕು. ಕಿಟಕಿಯಿಂದ ಹೊರಗಿನ ನೇರ ಕೊಳವೆಗೆ ಗೋಡೆಯ ಗುಂಟ 10 ಅಡಿ. ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಇಂಚು ಇಳಿಯಬೇಕು. ಈ ಇಳಿಕೆಗೆ ಜಾಗ ಎಲ್ಲಿ? ಬೀರುಗಳ ಹಿಂದೆ, ಗೋಡೆಗೆ ತಾಗಿಸಿ ಕೊಳವೆ ಒಯ್ದರೆ ಜಾಗವಿದೆ. ಆದರೆ ಹಾಗೆ ಮಾಡಿದರೆ ಡ್ರಾಯರುಗಳ ಆಳವನ್ನು ಸ್ವಲ್ಪ ಕಡಿಮೆ ಮಾಡಬೇಕು. ಅವರ ಡ್ರಾಯರುಗಳು ಮೊದಲೇ ಒಂದೇ ಅಳತೆಯಲ್ಲಿ ಸಿದ್ಧವಾಗಿ ಬರುವಂಥವು. ಅದಕ್ಕೆ ಅವರು ಏನು ಮಾಡಿದರು ಗೊತ್ತೇ? ಕೊಳವೆಯನ್ನು ನೆಲದೊಳಗೆ ಹೂತುಬಿಟ್ಟರು!

ನಮ್ಮ ಕಾಂಕ್ರೀಟ್ ನೆಲದಿಂದ ಟೈಲ್ಸಿನ ಮೇಲ್ಮೈವರೆಗೆ ಇರುವುದೇ ಎರಡೂವರೆ ಇಂಚು. ಟೈಲ್ಸಿನ ದಪ್ಪ ಕಳೆದರೆ ಉಳಿಯುವುದು ಎರಡು ಇಂಚು, ಸ್ವಲ್ಪ ಹೆಚ್ಚು. ಕೊಳವೆಯ ದಪ್ಪವೇ ಎರಡು ಇಂಚು. ಎರಡು ಇಂಚಿನ ಜಾಗದಲ್ಲಿ ಎರಡು ಇಂಚಿನ ಕೊಳವೆ ಮಲಗಿಸಿದರೆ ವಾಟ ಎಲ್ಲಿಂದ ಬರಬೇಕು? ಜೊತೆಗೆ ಮೂಲೆಯಲ್ಲಿ ಒಂದು ಲಂಬಕೋನದ ತಿರುವು, ತಿರುವಿನಲ್ಲಿ ಬಿಚ್ಚಿ ಸ್ವಚ್ಛ ಮಾಡುವುದಕ್ಕೆ ಬಾಯಿ ಇಲ್ಲ, ಅದರ ಮೇಲೆ ಟೈಲ್ಸ್.

ಮೊದಲು ಶುರುವಾದದ್ದು ಸದ್ದು. ಸಿಂಕ್ ಖಾಲಿಯಾಗುವ ಕೊನೆಯಲ್ಲಿ ಗೊಳಗೊಳ ಎನ್ನುತ್ತಿತ್ತು. ಆಮೇಲೆ ವಾಸನೆ. ಸಿಂಕಿನ ಕೆಳಗಿನ ಟ್ರ್ಯಾಪಿನಲ್ಲಿ ಸ್ವಲ್ಪ ನೀರು ಸದಾ ನಿಂತಿರಬೇಕು, ಕೊಳಚೆಯ ಗಾಳಿಯನ್ನು ತಡೆಯುವುದು ಅದೇ. ಉದ್ದನೆಯ ಕೊಳವೆ ಪೂರ್ತಿ ತುಂಬಿಕೊಂಡು ಹರಿದಾಗ, ಗಾಳಿ ಒಳಬರಲು ಬೇರೆ ದಾರಿ ಇಲ್ಲದಿದ್ದರೆ, ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗೊಳಗೊಳ ಸದ್ದು ಅದರದ್ದೇ. ದೂರವಾಣಿ ಮಾಡಿದೆ. "ಹೊಸ ಕೊಳವೆಯಲ್ಲಿ ಹಾಗೆ ಆಗುತ್ತದೆ, ಬಿಸಿನೀರು ಹಾಕಿ" ಎಂದರು. ಹಾಕಿದೆ. ನೀರು ಇಳಿಯುವುದು ಇನ್ನೂ ನಿಧಾನವಾಯಿತು. ಮತ್ತೆ ಕರೆದೆ. "ನೀವು ಎಣ್ಣೆ ಜಿಡ್ಡು ಸುರಿಯುತ್ತಿರಬೇಕು" ಎಂದರು. ಅಡುಗೆಮನೆಯ ಸಿಂಕಿಗೆ ಜಿಡ್ಡಿನ ಪಾತ್ರೆ ಬರದೆ ಇನ್ನೇನು ಬರುತ್ತದೆ? ಮನೆಯವರೆಲ್ಲರ ಎದುರು ತಪ್ಪು ನನ್ನದೇ ಎಂಬಂತೆ ಮಾತಾಡಿ ಹೋದರು. ಆ ಅವಮಾನ ಇನ್ನೂ ಉರಿಯುತ್ತಿದೆ.

ಕೊನೆಗೆ ಬೇರೆ ಪ್ಲಂಬರನ್ನು ಕರೆಸಿದೆ. ವಯಸ್ಸಾದವರು, ಹೆಚ್ಚು ಮಾತಿಲ್ಲ. ಸಿಂಕಿನ ಕೆಳಗಿನ ಒಂದು ಟೈಲ್ಸ್ ಬಿಚ್ಚಿ ಕೊಳವೆಯ ತುದಿ ಕಾಣುವಂತೆ ಮಾಡಿದರು. ಮೇಸ್ತ್ರಿಗಳು ಮಟ್ಟ ನೋಡುವುದಕ್ಕೆ ನೀರು ತುಂಬಿದ ಪಾರದರ್ಶಕ ಪೈಪ್ ಬಳಸುತ್ತಾರಲ್ಲ, ಅದರ ಒಂದು ತುದಿಯನ್ನು ಇಲ್ಲಿ ಹಿಡಿದು, ಇನ್ನೊಂದನ್ನು ಹೊರಗೆ ಗೋಡೆಯಿಂದ ಕೊಳವೆ ಹೊರಬರುವ ಜಾಗದಲ್ಲಿ ಹಿಡಿಸಿದರು. ಎರಡೂ ಕಡೆ ಗುರುತು ಹಾಕಿ, ಗುರುತಿನಿಂದ ಕೊಳವೆಗೆ ಟೇಪಿನಲ್ಲಿ ಅಳೆದರು. ಹೊರಗಿನ ತುದಿ ಅರ್ಧ ಇಂಚು ಮೇಲಿದೆ! ಎರಡೂವರೆ ಇಂಚು ಕೆಳಗಿರಬೇಕಾದದ್ದು ಅರ್ಧ ಇಂಚು ಮೇಲಿದೆ. ನೀರು ಹತ್ತು ಅಡಿ ಏರು ಹತ್ತಿ ಹೊರಗೆ ಹೋಗಬೇಕಂತೆ. ಕೊಳವೆಯೊಳಗೆ ನೀರು ಯಾವಾಗಲೂ ನಿಂತೇ ಇರುತ್ತದೆ, ಜಿಡ್ಡು ತಣ್ಣಗಾಗಿ ಅಲ್ಲಿಯೇ ಗಟ್ಟಿಯಾಗುತ್ತದೆ. ನಾನು ಎಷ್ಟು ಬಿಸಿನೀರು ಹಾಕಿದರೂ ಆಗುವುದು ಅದೇ.

ಆ ಟೇಪನ್ನು ನೋಡುತ್ತಾ ನಿಂತಾಗಲೇ ನನಗೆ ಪೂರ್ತಿ ತಿಳಿದದ್ದು. ಇದು ಕೈತಪ್ಪಿ ಆದದ್ದಲ್ಲ. ಹೂಳುವವನಿಗೆ ಹೂಳುವಾಗಲೇ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿದ್ದಾನೆ. ಮುಚ್ಚುವ ಮೊದಲು ಒಂದು ಬಕೆಟ್ ನೀರು ಸುರಿದು ತೋರಿಸಿದ್ದರೆ ಸಾಕಿತ್ತು. ಸುರಿಯಲಿಲ್ಲ.

ಟೇಪ್ ಕೈಯಲ್ಲಿದ್ದುದರಿಂದ ಕಟ್ಟೆಯನ್ನೂ ಅಳೆದೆ. ಒಪ್ಪಂದದಲ್ಲಿ 34 ಇಂಚು. ನನ್ನ ಮೊಣಕೈ ನೆಲದಿಂದ 40 ಇಂಚಿನಲ್ಲಿದೆ, ಅದಕ್ಕಿಂತ ಆರು ಇಂಚು ಕೆಳಗೆ ಕಟ್ಟೆ ಬಂದರೆ ಹೆಚ್ಚುವ ಕೆಲಸಕ್ಕೆ ಬಗ್ಗಬೇಕಾಗಿಲ್ಲ ಎಂದು ಲೆಕ್ಕ ಹಾಕಿಯೇ 34 ಬರೆಸಿದ್ದೆ. ಟೇಪ್ ತೋರಿಸಿದ್ದು ಮೂವತ್ತೊಂದೂವರೆ. ಕಟ್ಟೆಯ ಆಧಾರದ ಗೋಡೆಗಳನ್ನು ಬರಿಯ ಕಾಂಕ್ರೀಟ್ ನೆಲದಿಂದ ಅಳೆದು ಕಟ್ಟಿದ್ದಾರೆ, ಆಮೇಲೆ ಗಾರೆ ಮತ್ತು ಟೈಲ್ಸ್ ಸೇರಿ ನೆಲ ಎರಡೂವರೆ ಇಂಚು ಮೇಲೆದ್ದಿದೆ. ಅಷ್ಟೂ ಕಟ್ಟೆಯ ಎತ್ತರದಲ್ಲಿ ನುಂಗಿಹೋಗಿದೆ.

ಕೇಳಿದ್ದಕ್ಕೆ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "34 ಎಂದು ಬರೆದಿದೆ, 34 ಕಟ್ಟಿದ್ದೇವೆ. ನೆಲ ಹಾಸಿದವರು ನಾವಲ್ಲ. ನಕ್ಷೆಗೆ ನೀವೇ ಸಹಿ ಮಾಡಿದ್ದೀರಿ." ನೆಲ ಹಾಸದ ಅಡುಗೆಮನೆಯಲ್ಲಿ ಯಾರಾದರೂ ನಿಂತು ಕೆಲಸ ಮಾಡುತ್ತಾರೆಯೇ? ಕಾಲು ಇಡುವುದು ಟೈಲ್ಸಿನ ಮೇಲೆ. ಅಳತೆ ಶುರುವಾಗಬೇಕಾದದ್ದು ಅಲ್ಲಿಂದ. ಎರಡೂವರೆ ಇಂಚು ಸಣ್ಣದೆಂದು ಅನಿಸಬಹುದು. ಹೆಚ್ಚುವಾಗ ಹೇಗೋ ಸಹಿಸಬಹುದು, ಆದರೆ ಸಿಂಕ್ ಒಂಬತ್ತು ಇಂಚು ಆಳ. ಅದರ ತಳ ನೆಲದಿಂದ ಇಪ್ಪತ್ತೆರಡೂವರೆ ಇಂಚಿಗೆ ಇಳಿದಿದೆ. ಪಾತ್ರೆ ತೊಳೆಯುವಷ್ಟು ಹೊತ್ತೂ ಬಾಗಿಯೇ ಇರಬೇಕು. "ಕಲ್ಲು ಎತ್ತಿ ಸರಿಮಾಡಿ" ಎಂದರೆ "ಎತ್ತಿದರೆ ಸಿಂಕಿಗೆ ಕೊರೆದ ಕಡೆ ಬಿರುಕು ಬಿಡುತ್ತದೆ, ಬಿಟ್ಟರೆ ನಮ್ಮ ಹೊಣೆಯಲ್ಲ, ಕೆಲವು ದಿನಗಳಲ್ಲಿ ಅಭ್ಯಾಸವಾಗುತ್ತದೆ" ಎಂದರು. ಸೊಂಟನೋವು ಅಭ್ಯಾಸವಾಗಬೇಕೇ?

ಚಿಮಣಿಯ ಕಥೆಯೂ ಇದೇ ಜಾತಿಯದು. ಯಂತ್ರದ ಬಾಯಿ ಆರು ಇಂಚು. ಅವರು ಹಾಕಿದ್ದು ನಾಲ್ಕು ಇಂಚಿನ, ಮಡಿಕೆ ಮಡಿಕೆಯಾಗಿ ಬಾಗುವ ಕೊಳವೆ. ಆರರಿಂದ ನಾಲ್ಕಕ್ಕೆ ಇಳಿದರೆ ಗಾಳಿಯ ದಾರಿ ಅರ್ಧಕ್ಕಿಂತಲೂ ಕಿರಿದಾಗುತ್ತದೆ. ಅದೂ ಸಾಲದೆಂದು ಬೀರುಗಳ ತಲೆಯ ಮೇಲೆ ಸುತ್ತಿಸಿ ಮೂರು ತಿರುವು ಕೊಟ್ಟಿದ್ದಾರೆ. ಕಾರಣ ಕೇಳಿದರೆ "ಬೀಮ್ ಅಡ್ಡ ಬಂತು" ಎಂದರು. ಬೀಮ್ ಮನೆ ಕಟ್ಟಿದ ದಿನದಿಂದ ಅಲ್ಲಿಯೇ ಇದೆ. ಅದನ್ನು ಕೊರೆಯಬಾರದು ನಿಜ, ಕೊರೆಯಿರೆಂದು ನಾನು ಹೇಳಲೂ ಇಲ್ಲ. ಆದರೆ ಬೀಮಿನ ಕೆಳಭಾಗಕ್ಕೂ ಬೀರಿನ ತಲೆಗೂ ನಡುವೆ ಒಂದೂವರೆ ಅಡಿ ಬರಿಯ ಗೋಡೆ ಇದೆ. ಆರು ಇಂಚಿನ ತೂತಿಗೆ ಅಷ್ಟು ಜಾಗ ಸಾಲದೇ? ಒಂದೇ ತಿರುವಿನಲ್ಲಿ ಹೊರಗೆ ಹೋಗಬಹುದಿತ್ತು. ಟೈಲ್ಸ್ ಹಚ್ಚುವ ಮೊದಲು ಕೊರೆಯಲು ಮರೆತರು, ಆಮೇಲೆ ಕೊರೆದರೆ ಟೈಲ್ಸ್ ಒಡೆಯುತ್ತದೆಂದು ಕಿಟಕಿಯ ಪಕ್ಕದ ಹಳೆಯ ಸಣ್ಣ ತೂತಿಗೆ ತುರುಕಿದರು. ನಿಮ್ಮ ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಚಿಮಣಿಯನ್ನು ಪೂರ್ತಿ ವೇಗಕ್ಕೆ ಇಟ್ಟು ಜಾಲರಿಗೆ ತೆಳುವಾದ ಕಾಗದ ಹಿಡಿಯಿರಿ. ನಮ್ಮಲ್ಲಿ ಕೊಳವೆ ಕಳಚಿದಾಗ ಕಾಗದ ಅಂಟಿಕೊಂಡಿತು, ಕೊಳವೆ ಸೇರಿಸಿದ ಕೂಡಲೇ ಬಿದ್ದುಹೋಯಿತು. ಯಂತ್ರದ ತಪ್ಪಲ್ಲ, ಅದನ್ನು ಹಾಕಿದವರ ತಪ್ಪು.

ಬಣ್ಣದ ಚಿತ್ರಕ್ಕೆ ಒಪ್ಪಿಗೆ ಕೊಡಬೇಡಿ. ಸಿಂಕಿನ ಕೊಳವೆ ಯಾವ ಎತ್ತರದಲ್ಲಿ ಶುರುವಾಗಿ ಯಾವ ಎತ್ತರದಲ್ಲಿ ಗೋಡೆ ದಾಟುತ್ತದೆ, ನಡುವೆ ಎಷ್ಟು ಅಡಿ, ಇದನ್ನು ಬರೆದು ಕೊಡಲು ಹೇಳಿ. ಚಿಮಣಿಯ ತೂತಿನ ಜಾಗವನ್ನು ಗೋಡೆಯ ಮೇಲೆಯೇ ಗುರುತಿಸಿ, ಅಲ್ಲಿ ಬೀಮ್ ಇಲ್ಲವೆಂದು ಖಚಿತವಾದ ಮೇಲೆ ಟೈಲ್ಸಿಗೆ ಮೊದಲೇ ಕೊರೆಸಿ. ಪ್ರತಿ ಎತ್ತರದ ಮುಂದೆ "ಹಾಸಿದ ನೆಲದಿಂದ" ಎಂಬ ಮಾತು ಇರಲೇಬೇಕು. ನಮ್ಮ ಹಿರಿಯ ಪ್ಲಂಬರ್ ಹೇಳಿದಂತೆ, ಹಾಸಿದ ನೆಲ ಎಲ್ಲಿಗೆ ಬರುತ್ತದೆಂದು ಮೊದಲು ನಿರ್ಧರಿಸಿ, ಅಲ್ಲಿಂದ ಒಂದು ಮೀಟರ್ ಎತ್ತರದಲ್ಲಿ ನಾಲ್ಕೂ ಗೋಡೆಗೆ ಗೆರೆ ಎಳೆಸಿದರೆ ಕಟ್ಟೆ, ಕೊಳವೆ, ತೂತು ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಬಹುದು, ಯಾರೂ ನೆಪ ಹೇಳಲಾರರು. ಕೊಳವೆ ಮುಚ್ಚುವ ದಿನ ಮನೆಯಲ್ಲಿರಿ, ನೀರು ಸುರಿಸಿ, ಫೋಟೊ ತೆಗೆದುಕೊಳ್ಳಿ.

ಈಗ ಬೇರೆ ಪ್ಲಂಬರಿಂದ ಕೊಳವೆಯನ್ನು ಬೀರುಗಳ ಹಿಂದಿನಿಂದ ಹೊಸದಾಗಿ ಒಯ್ಯಿಸಿದ್ದೇನೆ. ಸಿಂಕಿನ ಬಳಿ 14 ಇಂಚು, ಗೋಡೆ ದಾಟುವಲ್ಲಿ ಹನ್ನೊಂದೂವರೆ, ತಿರುವಿನಲ್ಲಿ ಬಿಚ್ಚುವ ಬಾಯಿ. ಡ್ರಾಯರುಗಳ ಹಿಂಬದಿಯನ್ನು ನಾಲ್ಕು ಇಂಚು ಕತ್ತರಿಸಬೇಕಾಯಿತು. ಗೊಳಗೊಳ ನಿಂತಿದೆ, ವಾಸನೆ ನಿಂತಿದೆ. ಚಿಮಣಿಗೆ ತೂತು ಇನ್ನೂ ಕೊರೆಸಬೇಕು. ಕಟ್ಟೆ ಮೂವತ್ತೊಂದೂವರೆಯಲ್ಲೇ ಇದೆ. ಕೊನೆಯ ಕಂತನ್ನು ತಡೆದಿಟ್ಟಿದ್ದೇನೆ. ಅದನ್ನು ಕೇಳಲು ಅವರು ಕರೆ ಮಾಡಿದಾಗ, ಮಟ್ಟದ ಪೈಪಿನ ಗುರುತು ಕಾಣುವ ಫೋಟೊ ಕಳುಹಿಸಿ ಇದಕ್ಕೆ ಮೊದಲು ಉತ್ತರಿಸಿ ಎಂದು ಬರೆದೆ. ಫೋಟೊ ನೋಡಿದ್ದಾರೆ. ಉತ್ತರ ಬಂದಿಲ್ಲ.