ದುರ್ಗದ ಬೈಲಿನ ಸಂಜೆ: ಮಿರ್ಚಿ, ಗಿರ್ಮಿಟ್, ಪಾನಿಪುರಿ

ಕಚೇರಿಯ ಕೆಲಸದ ನಿಮಿತ್ತ ಮೈಸೂರಿನಿಂದ ಹುಬ್ಬಳ್ಳಿಗೆ ಬಂದಾಗಲೆಲ್ಲ ನನ್ನ ಸಂಜೆಯ ತಿಂಡಿ ದುರ್ಗದ ಬೈಲಿನಲ್ಲಿಯೇ ಆಗುತ್ತದೆ. ಮೊದಲ ಬಾರಿ ಬಂದಾಗ ಸ್ವಚ್ಛವಾಗಿ ಕಾಣುವ ಗಾಡಿಯನ್ನು ಆರಿಸಿಕೊಂಡೆ, ಆದರೂ ಹೊಟ್ಟೆ ಕೆಟ್ಟಿತು. ಅಲ್ಲಿಂದ ಮುಂದೆ ಗಾಡಿಯ ಹೊಳಪನ್ನು ಬಿಟ್ಟು, ಪದಾರ್ಥವು ಒಲೆಯಿಂದ ಇಳಿದ ಮೇಲೆ ಅದಕ್ಕೆ ಏನೇನು ತಾಗುತ್ತದೆ ಎಂಬುದನ್ನು ನೋಡಲು ಕಲಿತೆ.

ಆ ಸಲದ ಲೆಕ್ಕ ಹೀಗಿತ್ತು. ಸೋಮವಾರ ಸಂಜೆ ಪಾನಿಪುರಿ, ಮಂಗಳವಾರ ರಾತ್ರಿ ಎಂಟಕ್ಕೆ ಮಿರ್ಚಿ ತಿಂದಿದ್ದೆ. ಬುಧವಾರ ಬೆಳಗಿನ ಜಾವ ಹೊಟ್ಟೆ ನುಲಿಚಿ ನೀರಿನಂಥ ಭೇದಿ ಆರಂಭವಾಯಿತು. ಕೊನೆಗೆ ತಿಂದದ್ದು ಮಿರ್ಚಿಯಾದ್ದರಿಂದ ಅದನ್ನೇ ದೂರಿದೆ. ಆದರೆ ಕೈಯಿಂದ ಆಹಾರಕ್ಕೆ ಸೇರಿದ ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಾಣು ಅದರಲ್ಲಿ ಬೆಳೆದು ಬಿಟ್ಟ ವಿಷವಾಗಿದ್ದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಮುಖ್ಯವಾಗಿ ವಾಂತಿಯಾಗಬೇಕಿತ್ತು. ಖಾರದ ಉರಿಯಾಗಿದ್ದರೆ ಅಷ್ಟರಲ್ಲೇ ಇಳಿಯಬೇಕಿತ್ತು. ಕಲುಷಿತ ನೀರಿನ ಇ. ಕೋಲಿಯ ಭೇದಿ ಶುರುವಾಗಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ. ಮಲಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು, ಆದರೂ ಮೂವತ್ತಕ್ಕೂ ಹೆಚ್ಚು ಗಂಟೆಗಳ ಹಿಂದಿನ ಪಾನಿಪುರಿಯ ನೀರಿನ ಮೇಲೆಯೇ ನನ್ನ ಸಂಶಯ ಹೆಚ್ಚು.

ಮುಂದಿನ ಬಾರಿಗಳಲ್ಲಿ ಪಾನಿಪುರಿ, ಮಿರ್ಚಿ, ಗಿರ್ಮಿಟ್ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಪಾನಿಪುರಿಯ ಪುರಿ ಒಣಗಿರುವುದರಿಂದ ಅದು ನಿರಪಾಯಕಾರಿ. ಆದರೆ ಬೇಯಿಸಿದ ಆಲೂಗಡ್ಡೆ ಗಂಟೆಗಟ್ಟಲೆ ಸಂಜೆಯ ಬಿಸಿಲ ಕಾವಿನಲ್ಲಿರುತ್ತದೆ, ಕೈ ಒದ್ದೆಯಾಗಿಯೇ ಇರುತ್ತದೆ, ಪುದೀನ ನೀರು ಕುದಿದಿರುವುದಿಲ್ಲ. ಹುಣಸೆಯ ಹುಳಿ ಸೂಕ್ಷ್ಮಾಣುಗಳನ್ನು ಸ್ವಲ್ಪ ತಡೆದರೂ ಕೊಲ್ಲುತ್ತದೆಂದು ನಂಬಲಾಗದು. ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳುವುದು ಅನಿವಾರ್ಯ. ಅದರೊಳಗೆ ಚೊಂಬನ್ನು ಬೆರಳು ಸಮೇತ ಅದ್ದುತ್ತಾರೋ, ನಲ್ಲಿಯಿಂದ ಹಿಡಿಯುತ್ತಾರೋ ಎಂದು ಎರಡು ನಿಮಿಷ ನಿಂತು ನೋಡಿದರೆ ತಿಳಿಯುತ್ತದೆ. ಪರ ಊರಿನವನಾದ ನಾನು ಈಗ ಅದನ್ನು ತಿನ್ನುವುದಿಲ್ಲ.

ಮಿರ್ಚಿಯ ವಿಷಯ ಇದಕ್ಕೆ ತೀರ ಭಿನ್ನ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಸುಡುವ ಎಣ್ಣೆಯಲ್ಲಿ ಬೆಂದು ನೇರವಾಗಿ ಕಾಗದದ ಮೇಲೆ ಬರುವುದಾದರೆ ನಡುವೆ ಕೈ ತಾಗುವ ಸಂದರ್ಭವೇ ಕಡಿಮೆ. ಆದ್ದರಿಂದ ತಟ್ಟೆಯಲ್ಲಿ ರಾಶಿ ಹಾಕಿದ್ದನ್ನು ಬಿಟ್ಟು, ಕಣ್ಣೆದುರು ಬಾಣಲೆಗೆ ಬಿಟ್ಟದ್ದಕ್ಕಾಗಿ ಕಾಯುತ್ತೇನೆ. ಮೊದಲೇ ಕರಿದಿಟ್ಟದ್ದನ್ನು ಮತ್ತೆ ಎಣ್ಣೆಗೆ ಹಾಕಿದರೆ ಹೊರಮೈ ಬೇಗ ಬಿಸಿಯಾಗುತ್ತದೆ, ಒಳಗಿನ ಮೆಣಸಿನಕಾಯಿ ಉಗುರುಬೆಚ್ಚಗೇ ಉಳಿಯಬಹುದು. ಮುರಿದಾಗ ಒಳಗಿಂದ ಹಬೆ ಏಳಬೇಕು. ಇದರ ದೋಷವಿರುವುದು ಎಣ್ಣೆಯಲ್ಲಿ. ಎಣ್ಣೆ ಕಪ್ಪಾಗಿ ದಪ್ಪಗಾಗಿದ್ದರೆ, ನೊರೆ ಎದ್ದು ಇಳಿಯದಿದ್ದರೆ, ಉರಿ ಸಣ್ಣಗಿದ್ದರೂ ಹೊಗೆಯಾಡುತ್ತಿದ್ದರೆ ಅಲ್ಲಿಂದ ಹೊರಟುಬಿಡುತ್ತೇನೆ. ಗಾಡಿ ತೆರೆದ ಹೊಸದರಲ್ಲಿ, ಅಂದರೆ ಸಂಜೆ ಐದರ ಸುಮಾರಿಗೆ, ಹಳೆಯ ಎಣ್ಣೆಯನ್ನೇ ಮತ್ತೆ ಇಡದ ಕಡೆ ಅದು ತಿಳಿಯಾಗಿ ಕಾಣುತ್ತದೆ. ನನ್ನ ಹೊಟ್ಟೆಗೆ ಎರಡು ಮಿರ್ಚಿಯೇ ಮಿತಿ. ಮೂರನೆಯದನ್ನು ತಿಂದ ರಾತ್ರಿ ಎದೆಯುರಿಯಿಂದ ನಿದ್ರೆ ಬರಲಿಲ್ಲ. ಖಾರದ ಅಂಶ ನೀರಿನಲ್ಲಿ ಕರಗದ ಕಾರಣ ನೀರು ಕುಡಿದು ಪ್ರಯೋಜನವಿಲ್ಲ. ಐಸ್ ಹಾಕಿದ ಮಜ್ಜಿಗೆಯ ಬದಲು ಅಂಗಡಿಯ ತಣ್ಣನೆಯ ಮೊಸರಿನ ಪ್ಯಾಕೆಟ್ಟನ್ನು ಒಡೆದು ತಿನ್ನುತ್ತೇನೆ.

ಗಿರ್ಮಿಟ್ ಇವೆರಡರ ನಡುವೆ ನಿಲ್ಲುತ್ತದೆ, ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಚುರುಮುರಿ ಮತ್ತು ಪುಟಾಣಿ ಹಿಟ್ಟು ಒಣ ಪದಾರ್ಥಗಳು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆಹುಳಿ, ಬೆಲ್ಲ ಸೇರಿದ ಮಸಾಲೆಯಂತೂ ಎಣ್ಣೆಯಲ್ಲಿ ಬೆಂದಿರುತ್ತದೆ. ತೊಂದರೆ ಬರುವುದು ಕೊನೆಯ ಅರ್ಧ ನಿಮಿಷದಲ್ಲಿ, ಕಲಸುವ ಬರಿಗೈಯಿಂದ ಮತ್ತು ಮೇಲೆ ಉದುರಿಸುವ ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿಗಳಿಂದ. ದುಡ್ಡು ಮುಟ್ಟುವ ಕೈಯೇ ಕಲಸುತ್ತಿದೆಯೇ ಎಂದು ನೋಡುತ್ತೇನೆ. ಗಂಡ ದುಡ್ಡು ತೆಗೆದುಕೊಂಡು ಹೆಂಡತಿ ಉದ್ದನೆಯ ಸೌಟಿನಿಂದ ಕಲಸುವ ಒಂದು ಗಾಡಿಯಲ್ಲಿ, ಮೇಲಿನ ಹಸಿ ಪದಾರ್ಥ ಬೇಡವೆಂದು ಸಂಕೋಚದಿಂದಲೇ ಕೇಳಿದೆ. “ಹಸೀದು ಹಾಕಂಗಿಲ್ಲ ಬಿಡ್ರಿ ಅಣ್ಣಾರ, ಬಿಸಿ ಮಸಾಲಿನ ಒಂದೀಟು ಜಾಸ್ತಿ ಹಾಕ್ತೀನಿ,” ಎಂದು ಆ ತಾಯಿ ಮಸಾಲೆಯನ್ನು ಮತ್ತೊಮ್ಮೆ ಒಲೆಯ ಮೇಲಿಟ್ಟು ಬಿಸಿ ಮಾಡಿ ಕೊಟ್ಟರು. ರುಚಿಯಲ್ಲಿ ಹಸಿ ಉಳ್ಳಾಗಡ್ಡಿಯ ಕಟುವಾದ ಘಮ ತಪ್ಪಿತು ನಿಜ, ಆದರೆ ಹುಳಿ-ಬೆಲ್ಲದ ಸ್ವಾದ ಹೆಚ್ಚು ಸ್ಪಷ್ಟವಾಯಿತು. ನಾಲ್ಕು ಭೇಟಿಗಳಲ್ಲಿ ಹೀಗೆಯೇ ತಿಂದು ಹೊಟ್ಟೆ ಸರಿಯಾಗಿಯೇ ಇದೆ. ಮಿರ್ಚಿಯನ್ನು ಮಾತ್ರ ಅದರ ಜೊತೆಗೆ ಒಂದಕ್ಕೆ ಇಳಿಸಿದ್ದೇನೆ.